"ಗುಡ್ ಟು ಗೋ" ಅಂತ ಬರೆದಿದ್ದು ನಾನೇ. ಈಗ ಸಿಸಿಯಲ್ಲಿ 19 ಜನ. ಏನಂತ ಉತ್ತರ ಕೊಡಲಿ?

ಎರಡನೇ_ಶನಿವಾರ · ಸೋಮವಾರ, ರಾತ್ರಿ 9:40

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟ್ ಲೀಡ್ ಆಗಿದ್ದೇನೆ. ನಾನೂ ಸೇರಿ ಮೂರೇ ಜನರ ಟೀಮ್. ಹೊರದೇಶದ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ.

ಕಳೆದ ಗುರುವಾರ ಸಂಜೆ 4:30ಕ್ಕೆ ಒಂದು ಕಾಲ್. 11 ಜನ ಇದ್ದರು. ಕ್ಲೈಂಟ್ ಕಡೆಯವರು ಹೊಸ ರಿಯಾಯಿತಿಯೊಂದು ಶನಿವಾರದ ರಿಲೀಸ್‌ನಲ್ಲೇ ಹೋಗಬೇಕು ಅಂದರು. ಕೋಡ್ ಫ್ರೀಜ್, ಅಂದರೆ ಇನ್ನು ಕೋಡ್ ಬದಲಿಸುವಂತಿಲ್ಲ ಅನ್ನೋದು, ಆಗಿದ್ದು ಬುಧವಾರ. ನಾನು ಹೇಳಿದೆ, "ಪೂರ್ತಿ ರಿಗ್ರೆಶನ್ ಅಂದರೆ 412 ಟೆಸ್ಟ್, ಮೂವರಿಗೆ ಮೂರು ದಿನ ಬೇಕು, ನಮಗೆ ಸಿಗೋದು ಅರ್ಧ ದಿನ." ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಹೇಳಿದ್ದು, "ಸ್ಮೋಕ್ ಟೆಸ್ಟ್ ಮಾಡಿ ಬಿಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ." ಲಾಗಿನ್ ಆಗುತ್ತಾ, ಬಿಲ್ ಬರುತ್ತಾ, ದುಡ್ಡು ಕಟ್ಟೋಕಾಗುತ್ತಾ, ಇಷ್ಟು ನೋಡುವ 46 ಟೆಸ್ಟ್ ಮಾತ್ರ. ಆಯ್ತು ಅಂದೆ. ಮಿನಿಟ್ಸ್ ಯಾರೂ ಬರೆಯಲಿಲ್ಲ. ನಮ್ಮಲ್ಲಿ ಯಾವತ್ತೂ ಬರೆಯೋದಿಲ್ಲ ಬಿಡಿ.

ಶನಿವಾರ ರಾತ್ರಿ ರಿಲೀಸ್ ಆಯಿತು. ಭಾನುವಾರ ಕೂಪನ್ ಜೊತೆ ಮೆಂಬರ್ ಕಾರ್ಡ್ ತೋರಿಸಿದವರಿಗೆಲ್ಲ ರಿಯಾಯಿತಿ ಎರಡು ಸಲ ಕಟ್ ಆಗಿದೆ. ಹಳೇ ವರ್ಶನ್‌ಗೆ ವಾಪಸ್ ಹೋಗುವಷ್ಟರಲ್ಲಿ ನಾಲ್ಕು ಗಂಟೆ.

ಇವತ್ತು ಬೆಳಗ್ಗೆ ಮ್ಯಾನೇಜರ್ ಮೇಲ್: "ಟೆಸ್ಟಿಂಗ್ ಟೀಮ್ ಶುಕ್ರವಾರವೇ ಸೈನ್ ಆಫ್ ಕೊಟ್ಟಿತ್ತು. ಇದು ಹೇಗೆ ತಪ್ಪಿಹೋಯಿತು ಅಂತ ದಯವಿಟ್ಟು ವಿವರಿಸಿ." ಕೆಳಗೆ ನನ್ನದೇ ಶುಕ್ರವಾರದ ಮೇಲ್ ಅಂಟಿಸಿದ್ದಾರೆ. ಸಿಸಿಯಲ್ಲಿ 19 ಜನ. ಅದರಲ್ಲಿ ಎಚ್‌ಆರ್ ಕೂಡ ಇದ್ದಾರೆ. ಎಚ್‌ಆರ್‌ಗೂ ಕೂಪನ್‌ಗೂ ಏನು ಸಂಬಂಧ?

ಬೆಳಗ್ಗಿಂದ ಇದೇ ವಿಷಯಕ್ಕೆ ಮೂರು ಕಾಲ್ ಆಗಿವೆ. ಹೋದ ವಾರ ಲೆಕ್ಕ ಹಾಕಿದೆ, 23 ಗಂಟೆ ಮೀಟಿಂಗ್. ಟೆಸ್ಟ್ ಮಾಡೋಕೆ ಟೈಮ್ ಇಲ್ಲ, ಟೆಸ್ಟ್ ಯಾಕೆ ಮಾಡಿಲ್ಲ ಅಂತ ಕೇಳೋಕೆ ಮಾತ್ರ ಬೇಕಾದಷ್ಟು ಟೈಮ್ ಇದೆ. ಗುರುವಾರ ಆರ್‌ಸಿಎ, ಅಂದರೆ ತಪ್ಪಿನ ಮೂಲ ಕಾರಣ ಹುಡುಕೋ ಮೀಟಿಂಗ್ ಇಟ್ಟಿದ್ದಾರೆ. ಅಷ್ಟರೊಳಗೆ ಈ ಮೇಲ್‌ಗೆ ಏನಂತ ಉತ್ತರ ಬರೆಯಲಿ?

---

ಬೈಟೂ_ಕಾಫಿ · ಸೋಮವಾರ, ರಾತ್ರಿ 9:58

ನಿಮ್ಮ ಮ್ಯಾನೇಜರ್ ನಮ್ಮ ಮ್ಯಾನೇಜರ್‌ನ ಅವಳಿ ಇರಬೇಕು. ನಾನಂತೂ ಎಲ್ಲ ಕಾಲ್‌ಗಳನ್ನೂ ಫೋನಲ್ಲಿ ರೆಕಾರ್ಡ್ ಮಾಡಿಕೊಳ್ತೀನಿ. ಮುಖ್ಯವಾದ ಮೇಲ್‌ಗಳನ್ನೆಲ್ಲ ನನ್ನ ಸ್ವಂತ ಜಿಮೇಲ್‌ಗೆ ಬಿಸಿಸಿ ಹಾಕಿಬಿಡ್ತೀನಿ. ಕಂಪನಿಯವರು ನಾಳೆ ಲ್ಯಾಪ್‌ಟಾಪ್ ಕಿತ್ತುಕೊಂಡರೆ ನಿಮ್ಮ ಕೈಯಲ್ಲಿ ಏನಿರುತ್ತೆ ಹೇಳಿ? ಇವತ್ತೇ ಶುರು ಮಾಡಿ.

---

ಹಳೇ_ರಿಲೀಸ್_ಮ್ಯಾನೇಜರ್ · ಸೋಮವಾರ, ರಾತ್ರಿ 10:15

ಉತ್ತರ ಆಮೇಲೆ ಬರೆಯೋಣ. ಮೊದಲು ಒಂದು ವಿಷಯ ಹೇಳಿ. ಶುಕ್ರವಾರದ ಸೈನ್ ಆಫ್ ಮೇಲ್‌ನಲ್ಲಿ ನೀವು ಬರೆದ ಸಾಲು ಯಾವುದು? ನೆನಪಿನಿಂದ ಬೇಡ, ಮೇಲ್ ತೆರೆದು ನೋಡಿ, ಇದ್ದ ಹಾಗೆ ಹಾಕಿ.

ಹಾಗೇ ಇವತ್ತು ರಾತ್ರಿ ಏನನ್ನೂ ಕಳಿಸಬೇಡಿ. ಕೋಪದಲ್ಲಿ ಬರೆದ ಮೇಲ್‌ನ ಮೊದಲ ಪ್ಯಾರಾದಲ್ಲೇ "ಅನ್ಯಾಯ" ಅನ್ನೋ ಪದ ಇರುತ್ತೆ. ಆಮೇಲೆ ಎಲ್ಲರೂ ಚರ್ಚೆ ಮಾಡೋದು ಕೂಪನ್ ಬಗ್ಗೆ ಅಲ್ಲ, ನಿಮ್ಮ ಧಾಟಿ ಬಗ್ಗೆ.

---

ಎರಡನೇ_ಶನಿವಾರ · ಸೋಮವಾರ, ರಾತ್ರಿ 10:31

ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳೋದಾದರೆ: "ಎಲ್ಲರಿಗೂ ನಮಸ್ಕಾರ, ಟೆಸ್ಟಿಂಗ್ ಮುಗಿದಿದೆ, ಯಾವ ದೊಡ್ಡ ತೊಂದರೆಯೂ ಸಿಕ್ಕಿಲ್ಲ. ಗುಡ್ ಟು ಗೋ."

ಅಷ್ಟೇ. ಸಂಜೆ 7:20. ಬಸ್ ಹಿಡಿಯೋ ಆತುರದಲ್ಲಿದ್ದೆ.

---

ಹಳೇ_ರಿಲೀಸ್_ಮ್ಯಾನೇಜರ್ · ಸೋಮವಾರ, ರಾತ್ರಿ 10:52

ಇಲ್ಲೇ ಸಿಕ್ಕಿಹಾಕಿಕೊಂಡಿದ್ದೀರಿ ಸರ್. "ಟೆಸ್ಟಿಂಗ್ ಮುಗಿದಿದೆ" ಅಂದರೆ ಓದುವ 19 ಜನಕ್ಕೂ 412 ಟೆಸ್ಟ್ ಮುಗಿದಿದೆ ಅಂತಲೇ ಅರ್ಥ. ಗುರುವಾರದ ಕಾಲ್ ಗಾಳಿಯಲ್ಲಿ ಹೋಯಿತು, ಶುಕ್ರವಾರದ ಸಾಲು ಉಳಿಯಿತು. ನಿಮ್ಮ ಮ್ಯಾನೇಜರ್ ಸುಳ್ಳು ಹೇಳುತ್ತಿಲ್ಲ ನೋಡಿ. ನಿಜದಲ್ಲೇ ತನಗೆ ಬೇಕಾದ ಅರ್ಧ ತೋರಿಸುತ್ತಿದ್ದಾರೆ.

ಸೈನ್ ಆಫ್‌ನಲ್ಲಿ ಏನು ಮಾಡಿದೆವು ಅನ್ನೋದಕ್ಕಿಂತ ಏನು ಮಾಡಿಲ್ಲ ಅನ್ನೋ ಸಾಲು ದೊಡ್ಡದು. ಹೀಗೆ ಬರೆಯಬೇಕಿತ್ತು: "412ರಲ್ಲಿ 46 ಟೆಸ್ಟ್ ಓಡಿಸಿದ್ದೇವೆ, 46 ಪಾಸ್. 366 ಓಡಿಸಿಲ್ಲ. ಅದರಲ್ಲಿ ಕೂಪನ್ ಮತ್ತು ಮೆಂಬರ್ ಕಾರ್ಡ್ ಟೆಸ್ಟ್‌ಗಳೂ ಸೇರಿವೆ. ಗುರುವಾರ 4:30ರ ಕಾಲ್‌ನಲ್ಲಿ ಆದ ತೀರ್ಮಾನದಂತೆ ಈ ರಿಲೀಸ್‌ಗೆ ಸ್ಮೋಕ್ ಟೆಸ್ಟ್ ಮಾತ್ರ. ಈ ಸ್ಥಿತಿಯಲ್ಲಿ ರಿಲೀಸ್ ಮಾಡಬಹುದೇ ಅನ್ನೋದು ನಿಮ್ಮ ನಿರ್ಧಾರ, ಶನಿವಾರ ಮಧ್ಯಾಹ್ನ 12ರೊಳಗೆ ತಿಳಿಸಿ." ಐದು ಸಾಲು, ಯಾರ ಮೇಲೂ ದೂರಿಲ್ಲ. "ಗುಡ್ ಟು ಗೋ" ಅಂದಾಗ ನಿರ್ಧಾರ ನಿಮ್ಮದಾಯಿತು. "ನಿಮ್ಮ ನಿರ್ಧಾರ" ಅಂತ ಬರೆದಿದ್ದರೆ ಅವರದಾಗುತ್ತಿತ್ತು.

ಸರಿ, ಹೋಗಿದ್ದು ಹೋಯಿತು. ನಾಳೆ ಬೆಳಗ್ಗೆ ಕೂತು ಹುಡುಕಿ. ನಿಮ್ಮ ನೆನಪು ಸಾಕ್ಷಿ ಅಲ್ಲ, ಸಿಸ್ಟಮ್‌ನಲ್ಲಿ ಸಮಯದ ಜೊತೆ ಕೂತಿರೋದು ಸಾಕ್ಷಿ. ಆ ರಿಯಾಯಿತಿಯ ಜಿರಾ ಟಿಕೆಟ್ ಯಾವಾಗ ತೆರೆದರು? ಹಿಸ್ಟರಿ ನೋಡಿ, ಯಾರು ಎಷ್ಟು ಹೊತ್ತಿಗೆ ಏನು ಬದಲಿಸಿದರು ಅಂತೆಲ್ಲ ಇರುತ್ತೆ. ಟೆಸ್ಟ್ ಟೂಲ್‌ನಲ್ಲಿ 366 ಟೆಸ್ಟ್‌ಗಳ ಎದುರು ಏನಿದೆ? ಕಾಲ್ ಆದಮೇಲೆ ಯಾರಿಗಾದರೂ ಚಾಟ್‌ನಲ್ಲಿ ಏನಾದರೂ ಕೇಳಿದ್ರಾ? ಕ್ಯಾಲೆಂಡರ್ ಇನ್ವೈಟ್‌ನಲ್ಲಿ ಯಾರು ಯಾರು ಇದ್ದರು? ಕಾಲ್ ರೆಕಾರ್ಡ್ ಆಗಿತ್ತಾ? ಆಗಿದ್ದರೆ ಬೇಗ ನೋಡಿ, ಎಷ್ಟೋ ಕಂಪನಿಗಳಲ್ಲಿ ಕೆಲವು ದಿನಕ್ಕೆ ತಾನೇ ಅಳಿಸಿಹೋಗುತ್ತೆ.

---

ಗೋಧೂಳಿ · ಸೋಮವಾರ, ರಾತ್ರಿ 11:10

ಸಿಸಿ ಮೇಲ್ ಕಾಟಕ್ಕೆ ಒಂದು ಸುಲಭ ಉಪಾಯ ಇದೆ. ಔಟ್‌ಲುಕ್‌ನಲ್ಲಿ ಒಂದು ರೂಲ್ ಹಾಕಿ. "ಟು"ನಲ್ಲಿ ನನ್ನ ಹೆಸರಿಲ್ಲದ ಮೇಲ್ ಎಲ್ಲ ಸೀದಾ ಬೇರೆ ಫೋಲ್ಡರ್‌ಗೆ. ನನ್ನ ಇನ್‌ಬಾಕ್ಸ್ ದಿನಕ್ಕೆ 140ರಿಂದ 30ಕ್ಕೆ ಇಳಿದಿದೆ. ತಲೆನೋವೇ ಇಲ್ಲ. ಫೋಲ್ಡರ್ ವಾರಕ್ಕೊಮ್ಮೆ ನೋಡಿದರೆ ಸಾಕು.

---

ಎರಡನೇ_ಶನಿವಾರ · ಮಂಗಳವಾರ, ಬೆಳಗ್ಗೆ 11:20

@ಗೋಧೂಳಿ ನಾನು ಕೇಳಿದ್ದು ಅದಲ್ಲ, ಆದರೂ ನಿಮಗೆ ಥ್ಯಾಂಕ್ಸ್ ಹೇಳಲೇಬೇಕು. ನನ್ನ ಹತ್ತಿರವೂ ಅಂಥದ್ದೇ ರೂಲ್ ಇದೆ. ನಿಮ್ಮ ಕಾಮೆಂಟ್ ಓದಿ ಆ ಫೋಲ್ಡರ್ ತೆರೆದೆ. ಎದೆ ಧಸಕ್ ಅಂತು. ಶುಕ್ರವಾರ ಮಧ್ಯಾಹ್ನ 3:05ಕ್ಕೆ ಮ್ಯಾನೇಜರ್ ಕ್ಲೈಂಟ್‌ಗೆ ಒಂದು ಮೇಲ್ ಹಾಕಿದ್ದಾರೆ. ಡೇಟಾ ಮೈಗ್ರೇಶನ್ ಬಗ್ಗೆ ಉದ್ದ ಮೇಲ್. ನಾಲ್ಕನೇ ಪ್ಯಾರಾದಲ್ಲಿ ಒಂದು ಸಾಲು: "ಟೆಸ್ಟಿಂಗ್ ಟೀಮ್ ಇವತ್ತು ಸಂಜೆಯೊಳಗೆ ಅಗತ್ಯವಿರುವ ಎಲ್ಲ ಟೆಸ್ಟ್ ಮುಗಿಸಿ ಖಚಿತಪಡಿಸುತ್ತದೆ." ನಾನು ಸಿಸಿಯಲ್ಲಿ ಇದ್ದೇನೆ. ನೋಡೇ ಇಲ್ಲ.

@ಹಳೇ_ರಿಲೀಸ್_ಮ್ಯಾನೇಜರ್ ನೀವು ಹೇಳಿದ್ದನ್ನೆಲ್ಲ ಹುಡುಕಿದೆ. ಟಿಕೆಟ್ ತೆರೆದಿದ್ದು ಗುರುವಾರ 6:10ಕ್ಕೆ, ಅಂದರೆ ಫ್ರೀಜ್ ಆಗಿ ಒಂದು ದಿನದ ಮೇಲೆ. ತೆರೆದವರು ಮ್ಯಾನೇಜರೇ. ಹೊಸ ಕೋಡ್ ನಮ್ಮ ಕೈಗೆ ಬಂದಿದ್ದು ಶುಕ್ರವಾರ 12:40ಕ್ಕೆ. ಟೆಸ್ಟ್ ಟೂಲ್‌ನಲ್ಲಿ 366 ಟೆಸ್ಟ್ ಎದುರು "ನಾಟ್ ರನ್" ಅಂತಲೇ ಇದೆ. ರೆಕಾರ್ಡಿಂಗ್ ಇಲ್ಲ. ಆದರೆ ಗುರುವಾರ 5:42ಕ್ಕೆ ಮ್ಯಾನೇಜರ್‌ಗೆ ಚಾಟ್ ಮಾಡಿದ್ದೆ: "ಹಾಗಾದರೆ ಈ ಸಲ ಪೂರ್ತಿ ರಿಗ್ರೆಶನ್ ಬೇಡ, ಸ್ಮೋಕ್ ಮಾತ್ರ, ಅಲ್ವಾ ಸರ್?" ಅದಕ್ಕೆ ಅವರು ಹೆಬ್ಬೆರಳು ಒತ್ತಿದ್ದಾರೆ. 👍 ಮಾತಿಲ್ಲ, ಬರೀ ಹೆಬ್ಬೆರಳು. ಇದು ಲೆಕ್ಕಕ್ಕೆ ಬರುತ್ತಾ?

(ಅಂದಹಾಗೆ ನಾನು ಸರ್ ಅಲ್ಲ, ಮೇಡಂ.)

---

ಹಳೇ_ರಿಲೀಸ್_ಮ್ಯಾನೇಜರ್ · ಮಂಗಳವಾರ, ಮಧ್ಯಾಹ್ನ 1:05

ಕ್ಷಮಿಸಿ ಮೇಡಂ.

ಹೆಬ್ಬೆರಳು ಖಂಡಿತ ಲೆಕ್ಕಕ್ಕೆ ಬರುತ್ತೆ, ಯಾಕಂದರೆ ನಿಮ್ಮ ಪ್ರಶ್ನೆ ಸ್ಪಷ್ಟವಾಗಿತ್ತು. "ಓಕೆನಾ ಸರ್?" ಅಂತ ಕೇಳಿದ್ದರೆ ಏನೂ ಪ್ರಯೋಜನ ಇರುತ್ತಿರಲಿಲ್ಲ. ಆದರೂ ಒಂದು ಮಾತು. "ಆ ಮೆಸೇಜ್ ನೋಡಿದೆ ಅನ್ನೋದಕ್ಕೆ ಒತ್ತಿದ್ದು, ಒಪ್ಪಿದೆ ಅಂತಲ್ಲ" ಅಂದುಬಿಡಬಹುದು. ಅದಕ್ಕೇ ಅದೊಂದನ್ನೇ ಬ್ರಹ್ಮಾಸ್ತ್ರ ಅಂದುಕೊಳ್ಳಬೇಡಿ. ಟಿಕೆಟ್ ಸಮಯ, ಕೋಡ್ ಬಂದ ಸಮಯ, "ನಾಟ್ ರನ್" ಲೆಕ್ಕ, ಇವುಗಳ ಸಾಲಿನಲ್ಲಿ ಅದೂ ಒಂದು ಅಷ್ಟೇ.

ಆ 3:05ರ ಮೇಲ್ ಬಗ್ಗೆ. ನನ್ನ ಅನುಭವದಲ್ಲಿ ಸಿಸಿಯ ನಿಜವಾದ ಆಟ ಇದೇ. 19 ಜನರನ್ನು ಹಾಕಿ ಬೈಯೋದು ಬರೀ ಸದ್ದು. ಉದ್ದನೆಯ ಬೇರೆ ವಿಷಯದ ಮೇಲ್‌ನ ನಡುವೆ ನಿಮ್ಮ ಹೆಸರಲ್ಲಿ ಒಂದು ಮಾತು ಕೊಟ್ಟು, ನಿಮ್ಮನ್ನು ಸಿಸಿಗೆ ಸೇರಿಸಿ ಸುಮ್ಮನಾಗೋದು ಅಪಾಯ. ಮುಂದೆ "ನೀವೂ ಆ ಮೇಲ್‌ನಲ್ಲಿ ಇದ್ರಲ್ಲ, ಆಗ ಯಾಕೆ ಹೇಳಲಿಲ್ಲ?" ಅಂತ ಬರುತ್ತೆ. ಬೇಕಂತಲೇ ಮಾಡ್ತಾರೆ ಅಂತ ಹೇಳ್ತಿಲ್ಲ. ಎಷ್ಟೋ ಸಲ ಕ್ಲೈಂಟ್‌ಗೆ ಸಮಾಧಾನ ಹೇಳೋ ಭರದಲ್ಲಿ ಬರೆದಿರ್ತಾರೆ. ಸಿಕ್ಕಿಹಾಕಿಕೊಳ್ಳೋರು ಮಾತ್ರ ನೀವೇ.

ಹಾಗಾಗಿ ಆ ರೂಲ್ ತೆಗೆಯಬೇಡಿ, ಅದರ ಮೇಲೆ ಇನ್ನೊಂದು ಹಾಕಿ. ಮೇಲ್‌ನ ಒಳಗೆ ನಿಮ್ಮ ಹೆಸರು ಅಥವಾ ನಿಮ್ಮ ಟೀಮ್ ಹೆಸರು ಎಲ್ಲಾದರೂ ಇದ್ದರೆ ಅದು ಇನ್‌ಬಾಕ್ಸ್‌ನಲ್ಲೇ ಉಳಿಯಲಿ. ಅಂಥ ಮೇಲ್ ಬಂದರೆ ಅವತ್ತೇ ಒಂದು ಸಾಲು: "ಒಂದು ಸಣ್ಣ ತಿದ್ದುಪಡಿ, ಈ ರಿಲೀಸ್‌ಗೆ ಸ್ಮೋಕ್ ಟೆಸ್ಟ್ ಮಾತ್ರ ಅಂತ ಗುರುವಾರ ತೀರ್ಮಾನವಾಗಿದೆ." ಶುಕ್ರವಾರ 3:30ಕ್ಕೆ ಬರೆದಿದ್ದರೆ ಅದು ಮಾಹಿತಿ. ಇವತ್ತು ಬರೆದರೆ ಸಮರ್ಥನೆ.

---

ನಿವೃತ್ತ_ಗುಮಾಸ್ತ · ಮಂಗಳವಾರ, ಮಧ್ಯಾಹ್ನ 3:40

ನಾನು ಕಂಪ್ಯೂಟರ್‌ನವನಲ್ಲ. ಸರ್ಕಾರಿ ಕಚೇರಿಯಲ್ಲಿ 34 ವರ್ಷ ಕಡತ ಮಂಡಿಸಿದವನು. ಓದಿ ನಗು ಬಂತು, ಯಾಕಂದರೆ ನಮ್ಮಲ್ಲಿ ಇದೇ ಆಟ ಹಸಿರು ಹಾಳೆಯ ಮೇಲೆ ನಡೆಯುತ್ತಿತ್ತು.

ನಾವು ಟಿಪ್ಪಣಿ ಬರೆದು, ಪ್ಯಾರಾಗಳಿಗೆ ಸಂಖ್ಯೆ ಹಾಕಿ, ಸಹಿ, ದಿನಾಂಕ ಹಾಕಿ ಮೇಲೆ ಕಳಿಸುತ್ತಿದ್ದೆವು. ಸಾಹೇಬರಿಗೆ ಒಪ್ಪಿಗೆ ಕೊಡಲೂ ಭಯ, ಬೇಡ ಅನ್ನಲೂ ಭಯ ಅನ್ನಿ. ಆಗ ಕಡತದ ಅಂಚಿನಲ್ಲಿ ಒಂದೇ ಪದ ಬರೆದು ವಾಪಸ್ ಕಳಿಸುತ್ತಿದ್ದರು: "ಚರ್ಚಿಸಿ". ಒಳಗೆ ಹೋದರೆ ಬಾಯಲ್ಲಿ ಎಲ್ಲ ಹೇಳುತ್ತಿದ್ದರು. "ಮಾಡಿಬಿಡ್ರೀ, ನಾನಿದ್ದೀನಿ." ಹೊಸಬರು ಹೊರಗೆ ಬಂದು ಹಾಗೇ ಮಾಡಿಬಿಡುತ್ತಿದ್ದರು. ಎರಡು ವರ್ಷದ ನಂತರ ಆಡಿಟ್ ಬಂದಾಗ ಕಡತದಲ್ಲಿ ಇರುತ್ತಿದ್ದದ್ದು ಗುಮಾಸ್ತರ ಸಹಿ, ಸಾಹೇಬರ "ಚರ್ಚಿಸಿ" ಮಾತ್ರ.

ನನ್ನ ಮೊದಲ ಸೆಕ್ಷನ್ ಹೆಡ್ ಒಂದು ಪಾಠ ಕಲಿಸಿದ್ದರು. ಒಳಗಿಂದ ಬಂದ ತಕ್ಷಣ, ಕಾಫಿಗೂ ಹೋಗದೆ, ಮುಂದಿನ ಪ್ಯಾರಾ ಬರೆಯಬೇಕು: "ಇಂದು ಬೆಳಿಗ್ಗೆ ಚರ್ಚಿಸಿದಂತೆ, ಪ್ಯಾರಾ 7ರ ಪ್ರಸ್ತಾವವನ್ನು ಅನುಮೋದಿಸಬಹುದೆಂದು ನಿರ್ದೇಶಿಸಿರುವ ಮೇರೆಗೆ, ಕರಡು ಆದೇಶವನ್ನು ಸಹಿಗಾಗಿ ಮಂಡಿಸಿದೆ." ಕಡತ ಮತ್ತೆ ಅವರ ಮೇಜಿಗೇ ಹೋಗಬೇಕು. ಈಗ ಸಹಿ ಮಾಡಬೇಕು, ಇಲ್ಲವೇ ಹಾಗೆ ಹೇಳಿಲ್ಲ ಅಂತ ಬರೆಯಬೇಕು. ಮೂರನೆಯ ದಾರಿ ಇಲ್ಲ. ಒಬ್ಬರು ಮಾತ್ರ ಕಡತವನ್ನೇ ಎರಡು ತಿಂಗಳು ಕಪಾಟಿನಲ್ಲಿಟ್ಟು ಮೂರನೆಯ ದಾರಿ ತೋರಿಸಿಕೊಟ್ಟರು, ಅದು ಬೇರೆ ಕಥೆ.

ಇದು ಬರೀ ರೂಢಿಯಲ್ಲ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ 3ನೇ ನಿಯಮದಲ್ಲೇ ಇದೆ. ಮೇಲಿನವರ ಆದೇಶ ಸಾಮಾನ್ಯವಾಗಿ ಬರಹದಲ್ಲಿರಬೇಕು, ಬಾಯಲ್ಲಿ ಹೇಳಿದ್ದರೆ ಆಮೇಲೆ ಬರಹದಲ್ಲಿ ದೃಢಪಡಿಸಬೇಕು, ಕೆಳಗಿನವನೂ ಆದಷ್ಟು ಬೇಗ ಅದನ್ನು ಕೇಳಿ ಪಡೆಯಬೇಕು. 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಬಾಯಿಮಾತಿನ ಆದೇಶದ ಮೇಲೆ ಅಧಿಕಾರಿಗಳು ಕೆಲಸ ಮಾಡಬಾರದು ಅಂದಿತು. ಹೊಸ ಹುಡುಗರಿಗೆ ನಾನು ಆ ದಿನಾಂಕ ಬಾಯಿಪಾಠ ಮಾಡಿಸುತ್ತಿದ್ದೆ.

---

ಬೈಟೂ_ಕಾಫಿ · ಮಂಗಳವಾರ, ಸಂಜೆ 4:02

ಅಂಕಲ್, ಸೂಪರ್. ಆದರೆ ಪ್ರೈವೇಟ್ ಕಂಪನಿಗೆ ಆ ರೂಲ್ ಅನ್ವಯ ಆಗಲ್ಲ ಅಲ್ವಾ? ನಮಗೆ ರೆಕಾರ್ಡಿಂಗೇ ಗತಿ.

---

ನಿವೃತ್ತ_ಗುಮಾಸ್ತ · ಮಂಗಳವಾರ, ಸಂಜೆ 4:30

ನಿಯಮ ಅನ್ವಯವಾಗುವುದಿಲ್ಲ. "ಇಂದು ಚರ್ಚಿಸಿದಂತೆ" ಅನ್ನುವುದಕ್ಕೆ ಯಾವ ನಿಯಮವೂ ಬೇಡ.

---

ಸೈಟ್_ಹುಬ್ಬಳ್ಳಿ · ಮಂಗಳವಾರ, ಸಂಜೆ 6:15

ನಾನು ಸಿವಿಲ್ ಇಂಜಿನಿಯರ್, ಕಾಂಟ್ರಾಕ್ಟರ್ ಕಡೆಯವನು. ನಮ್ಮ ಸೈಟಿನಲ್ಲಿ ಹಿಂಡ್ರೆನ್ಸ್ ರಿಜಿಸ್ಟರ್ ಅಂತ ಒಂದು ಪುಸ್ತಕ ಇರ್ತದ್ರಿ. ಡ್ರಾಯಿಂಗ್ ತಡ ಆತು, ಜಾಗ ಖಾಲಿ ಮಾಡಿ ಕೊಟ್ಟಿಲ್ಲ, ಕರೆಂಟ್ ಕಂಬ ಅಡ್ಡ ಐತಿ, ಹೀಂಗ ಏನು ಅಡ್ಡಿ ಬಂತೋ ಅದು ಶುರುವಾದ ದಿನ, ಮುಗಿದ ದಿನ ಬರೆದು ಎರಡೂ ಕಡೆಯವರು ಸಹಿ ಹಾಕಬೇಕು. ಕೊನೆಗೆ ಕೆಲಸಕ್ಕ ಹೆಚ್ಚಿನ ಟೈಮ್ ಕೇಳುವಾಗ ಆ ಪುಸ್ತಕಾನೇ ಆಧಾರ. ಹೋದ ಕೆಲಸದಾಗ ಫೂಟಿಂಗ್ ಡ್ರಾಯಿಂಗ್ 26 ದಿನ ತಡ ಬಂತು. ನಾನು ಸಂಕೋಚಕ್ಕ ಬಿದ್ದು ಬರೀಲಿಲ್ಲ, "ದಿನಾ ಮುಖ ನೋಡೋರು, ಎಲ್ಲಿ ಬೇಜಾರ್ ಆಗ್ತಾರೋ" ಅಂತ. ಆ 26 ದಿನಕ್ಕೂ ನಮಗೇ ದಂಡ ಬಿತ್ತು.

ಈಗ ನನ್ನ ಪ್ರಶ್ನೆ. ಅವರು ಸಹಿ ಹಾಕಲಿಕ್ಕೆ ಒಲ್ಲೆ ಅಂದ್ರ ಏನು ಮಾಡೋದು? ಈಗಿನ ಸೈಟಿನಾಗ ಹಂಗೇ ಆಗೇದ. ಯಾರಿಗಾದರೂ ಗೊತ್ತಿದ್ದರ ಹೇಳ್ರಿ.

---

ಕಪ್ಪು_ಕೋಟಿಲ್ಲದ_ವಕೀಲೆ · ಮಂಗಳವಾರ, ರಾತ್ರಿ 8:20

@ಸೈಟ್_ಹುಬ್ಬಳ್ಳಿ, ಸಹಿ ಹಾಕದಿದ್ದರೆ ಅದೇ ದಿನ ಅದೇ ಎಂಟ್ರಿಯನ್ನು ಪತ್ರ ಮಾಡಿ ಕಳಿಸಿ. ಇನ್‌ವರ್ಡ್ ಸೀಲ್ ಹಾಕಿಸಿಕೊಳ್ಳಿ, ಸೀಲ್‌ಗೂ ತಕರಾರು ಮಾಡಿದರೆ ಸ್ಪೀಡ್ ಪೋಸ್ಟ್ ಅಥವಾ ಮೇಲ್. ನಿಮ್ಮ ಕಾಂಟ್ರಾಕ್ಟ್‌ನಲ್ಲಿ ನೋಟಿಸ್‌ಗೆ ಇಷ್ಟು ದಿನ ಅಂತ ಗಡುವು ಇದೆಯಾ, ಮೊದಲು ಅದನ್ನು ನೋಡಿ. ಹೆಚ್ಚಿನದಕ್ಕೆ ಬೇರೆ ಪೋಸ್ಟ್ ಹಾಕಿ, ಇಲ್ಲಿ ಮೇಡಂ ವಿಷಯ ಹಳಿ ತಪ್ಪುತ್ತೆ.

@ಬೈಟೂ_ಕಾಫಿ, ನಿಮ್ಮ ಕಳಕಳಿ ಸರಿ, ದಾರಿ ತಪ್ಪು. ನಾನು ಹತ್ತು ವರ್ಷ ಕಂಪನಿಗಳ ಕಡೆಯಿಂದ ಇಂಥ ಫೈಲ್ ನೋಡಿದ್ದೇನೆ. ಒಂದು ಫೈಲ್ ಇನ್ನೂ ಕಣ್ಣ ಮುಂದೆ ಇದೆ. ನೌಕರನ ಕಡೆ ನ್ಯಾಯ ಇತ್ತು, ಮೇಲ್‌ಗಳೂ ಇದ್ದವು. ಆದರೆ ಅವನ್ನು ತನ್ನ ಸ್ವಂತ ಮೇಲ್‌ಗೆ ಕಳಿಸಿಕೊಂಡಿದ್ದ. ಒಂದರ ಜೊತೆ ಕ್ಲೈಂಟ್‌ನ ಗ್ರಾಹಕರ ಪಟ್ಟಿಯ ಎಕ್ಸೆಲ್ ಶೀಟ್ ಅಂಟಿಕೊಂಡಿತ್ತು. ಅಲ್ಲಿಗೆ ಕೇಸು ತಿರುಗಿತು. ಮ್ಯಾನೇಜರ್ ಏನು ಹೇಳಿದ್ದ ಅನ್ನೋದನ್ನು ಆಮೇಲೆ ಯಾರೂ ಕೇಳಲೇ ಇಲ್ಲ. ಇವನು ಡೇಟಾ ಹೊರಗೆ ಸಾಗಿಸಿದ ಅನ್ನೋದೇ ಮುಖ್ಯ ಆಯಿತು. ದೊಡ್ಡ ಕಂಪನಿಗಳಲ್ಲಿ ಮೇಲ್ ಹೊರಗೆ ಹೋದ ತಕ್ಷಣ ಸೆಕ್ಯುರಿಟಿ ಟೀಮ್‌ಗೆ ಅಲರ್ಟ್ ಹೋಗುತ್ತೆ. ಕದ್ದು ರೆಕಾರ್ಡ್ ಮಾಡೋದೂ ಹಾಗೇ. ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಮತ್ತು ಪಾಲಿಸಿ ಒಮ್ಮೆ ಓದಿ.

ಬಿಸಿಸಿಗೆ ಇನ್ನೊಂದು ಅಪಾಯ ಇದೆ. ಬಿಸಿಸಿಯಲ್ಲಿದ್ದ ಗೆಳೆಯ ಮರೆತು "ರಿಪ್ಲೈ ಆಲ್" ಒತ್ತಿದರೆ ನೀವು ಗುಟ್ಟಾಗಿ ಅವನನ್ನು ಸೇರಿಸಿದ್ದು ಎಲ್ಲರಿಗೂ ಗೊತ್ತಾಗುತ್ತೆ.

ಮೇಡಂ, ನೀವು ಹೊರಗೆ ಇಟ್ಟುಕೊಳ್ಳಬಹುದಾದದ್ದು ಒಂದು ಡೈರಿ. ಕೈಬರಹದ್ದೇ ಆಗಲಿ. ದಿನಾಂಕ, ಸಮಯ, ಯಾರು ಏನು ಹೇಳಿದರು, ಅದರ ಮೇಲ್ ಯಾವ ದಿನ ಎಷ್ಟು ಗಂಟೆಗೆ ಹೋಯಿತು, ಅದರ ಸಬ್ಜೆಕ್ಟ್ ಏನು. ಕ್ಲೈಂಟ್ ಹೆಸರು, ಕೋಡ್, ಅಂಕಿಅಂಶ ಯಾವುದೂ ಬೇಡ. ವಿಷಯ ಕೋರ್ಟಿಗೇ ಹೋದರೆ ಸರ್ವರ್‌ನಲ್ಲಿರುವ ಇಂಥ ತಾರೀಖಿನ ಇಂಥ ಮೇಲ್ ಹಾಜರು ಮಾಡಿಸಿ ಅಂತ ಕೇಳೋಕೆ ಆ ಡೈರಿ ಸಾಕು. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿ ಕೊಟ್ಟರೆ ಆಗಲ್ಲ, ಅದಕ್ಕೆ ಸರ್ಟಿಫಿಕೇಟ್ ಬೇಕು. ಮೊದಲು 65ಬಿ ಅಂತಿದ್ದೆವು, 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾನೂನಿನ 63ನೇ ಕಲಂ. ಆದರೆ ನಿಮ್ಮದು ಅಲ್ಲಿಗೆಲ್ಲ ಹೋಗುವ ಸಂಗತಿ ಅಲ್ಲ.

---

ಎರಡನೇ_ಶನಿವಾರ · ಮಂಗಳವಾರ, ರಾತ್ರಿ 10:05

ಉತ್ತರದ ಕರಡು ಬರೆದಿದ್ದೇನೆ. ಮೂಲ ಇಂಗ್ಲಿಷ್, ಇಲ್ಲಿ ಕನ್ನಡ ಮಾಡಿದ್ದೇನೆ. ಹರಿದು ಹಾಕಿ.

"ಶನಿವಾರದ ರಿಲೀಸ್‌ಗೆ ನಡೆದ ಟೆಸ್ಟಿಂಗ್ ವಿವರ ಕೆಳಗಿದೆ.
ಬುಧವಾರ ಸಂಜೆ 6:00: ಕೋಡ್ ಫ್ರೀಜ್.
ಗುರುವಾರ 4:30: ಕಾಲ್. ಪೂರ್ತಿ ರಿಗ್ರೆಶನ್‌ಗೆ ಮೂರು ದಿನ ಬೇಕೆಂದು ತಿಳಿಸಿದ್ದೆ. ಸ್ಮೋಕ್ ಟೆಸ್ಟ್ ಮಾತ್ರ ಎಂದು ತೀರ್ಮಾನವಾಯಿತು. 5:42ರ ಚಾಟ್ ಲಗತ್ತಿಸಿದೆ.
ಗುರುವಾರ 6:10: ರಿಯಾಯಿತಿಯ ಟಿಕೆಟ್ ತೆರೆಯಲಾಯಿತು.
ಶುಕ್ರವಾರ 12:40: ಕೋಡ್ ಟೆಸ್ಟಿಂಗ್‌ಗೆ ಬಂತು.
ಶುಕ್ರವಾರ 7:20: 412ರಲ್ಲಿ 46 ಟೆಸ್ಟ್ ಮುಗಿದು ಪಾಸ್. 366 ಓಡಿಸಿಲ್ಲ. ಕೂಪನ್ ಮತ್ತು ಮೆಂಬರ್ ಕಾರ್ಡ್ ಒಟ್ಟಿಗೆ ಬಳಸುವ 9 ಟೆಸ್ಟ್ ಈ 366ರಲ್ಲಿವೆ.
ಎಷ್ಟು ಟೆಸ್ಟ್ ಓಡಿಸಿಲ್ಲ ಎಂಬುದನ್ನು ನನ್ನ ಸೈನ್ ಆಫ್ ಮೇಲ್‌ನಲ್ಲಿ ಬರೆಯಬೇಕಿತ್ತು. ಬರೆದಿರಲಿಲ್ಲ. ಮುಂದಿನ ರಿಲೀಸ್‌ನಿಂದ ಬರೆಯುತ್ತೇನೆ."

---

ಹಳೇ_ರಿಲೀಸ್_ಮ್ಯಾನೇಜರ್ · ಮಂಗಳವಾರ, ರಾತ್ರಿ 10:40

ಹರಿಯೋಕೆ ಏನೂ ಇಲ್ಲ. ಒಂದೇ ಬದಲಾವಣೆ. "ತೀರ್ಮಾನವಾಯಿತು" ಅಂದರೆ ಯಾರು ತೀರ್ಮಾನಿಸಿದರು? ಆಕಾಶದಿಂದ ಬಿತ್ತಾ? "ಸ್ಮೋಕ್ ಟೆಸ್ಟ್ ಮಾತ್ರ ಮಾಡಲು ಪ್ರಾಜೆಕ್ಟ್ ಮ್ಯಾನೇಜರ್ ತಿಳಿಸಿದರು" ಅಂತ ಬರೆಯಿರಿ. ಇದು ದೂರು ಅಲ್ಲ, ನಡೆದದ್ದು. ಕೊನೆಯ ಮೂರು ಸಾಲು ಇರಲೇಬೇಕು. ನೀವೇ ಹೇಳಿಬಿಟ್ಟರೆ ಅದನ್ನು ಮೀಟಿಂಗ್‌ನಲ್ಲಿ ಬಾಂಬ್ ಥರ ಎಸೆಯೋಕೆ ಅವರಿಗೆ ಆಗಲ್ಲ.

---

ಬೈಟೂ_ಕಾಫಿ · ಮಂಗಳವಾರ, ರಾತ್ರಿ 10:48

ಜಿಮೇಲ್ ವಿಷಯ ಒಪ್ಪಿದೆ, ನಾಳೆಯಿಂದ ನಿಲ್ಲಿಸ್ತೀನಿ. ಇದನ್ನು ಮಾತ್ರ ಒಪ್ಪಲ್ಲ ಗುರುಗಳೇ. "ಬರೆಯಬೇಕಿತ್ತು, ಬರೆದಿರಲಿಲ್ಲ" ಅನ್ನೋ ಸಾಲನ್ನು ಮಾತ್ರ ಕತ್ತರಿಸಿ ಅಪ್ರೈಸಲ್‌ನಲ್ಲಿ ಅಂಟಿಸ್ತಾರೆ. ನನಗೆ ಆಗಿದೆ. ತಪ್ಪೊಪ್ಪಿಗೆ ಬರಹದಲ್ಲಿ ಕೊಡಬಾರದು.

---

ಕಪ್ಪು_ಕೋಟಿಲ್ಲದ_ವಕೀಲೆ · ಮಂಗಳವಾರ, ರಾತ್ರಿ 11:02

ಇದರಲ್ಲಿ ನಾನು ಅರ್ಧ ಬೈಟೂ ಅವರ ಕಡೆ. ಸಾಲು ಇರಲಿ, ಆದರೆ ಅದು ಸೈನ್ ಆಫ್ ಮೇಲ್‌ನ ಬಗ್ಗೆ ಮಾತ್ರ ಇರಬೇಕು, ತೊಂದರೆಗೆ ಅದೇ ಕಾರಣ ಅನ್ನೋ ಹಾಗೆ ಕಾಣಬಾರದು. ಈಗಿರುವ ಹಾಗೆ ಪರವಾಗಿಲ್ಲ. "ಕ್ಷಮಿಸಿ" ಅಂತ ಸೇರಿಸಲು ಹೋಗಬೇಡಿ.

19 ಜನಕ್ಕೂ ಕಳಿಸಬೇಕಾ ಅನ್ನೋದು ಇನ್ನೊಂದು ಪ್ರಶ್ನೆ. ಆರೋಪ 19 ಜನರ ಮುಂದೆ ಬಂದಿದೆ, ಹಾಗಾಗಿ ಉತ್ತರವೂ ಅಲ್ಲಿಗೇ ಹೋಗಲಿ ಅಂತ ನನ್ನ ಅಭಿಪ್ರಾಯ. ಹೊಸಬರನ್ನು ಮಾತ್ರ ಒಬ್ಬರನ್ನೂ ಸೇರಿಸಬೇಡಿ.

---

ಹಳೇ_ರಿಲೀಸ್_ಮ್ಯಾನೇಜರ್ · ಮಂಗಳವಾರ, ರಾತ್ರಿ 11:15

ನಾನಾಗಿದ್ದರೆ ಕಳಿಸುವ ಹತ್ತು ನಿಮಿಷ ಮೊದಲು ಮ್ಯಾನೇಜರ್‌ಗೆ ಫೋನ್ ಮಾಡಿ "ಸರ್, ಹೀಗೆ ವಿವರ ಕಳಿಸ್ತಿದ್ದೀನಿ, ಏನಾದರೂ ತಪ್ಪಿದ್ದರೆ ಹೇಳಿ" ಅಂತೀನಿ. ಅವರು ಕಳಿಸಬೇಡ ಅಂದರೂ ಕಳಿಸ್ತೀನಿ. ಆದರೆ ಬೆನ್ನ ಹಿಂದೆ ಕಳಿಸಿದೆ ಅನ್ನೋ ಮಾತು ಬರಲ್ಲ. ಇನ್ನೂ ಎಷ್ಟು ದಿನ ಅವರ ಕೈಕೆಳಗೇ ಕೆಲಸ ಮಾಡಬೇಕು ಅನ್ನೋದೂ ನೆನಪಿರಲಿ.

---

ಎರಡನೇ_ಶನಿವಾರ · ಶುಕ್ರವಾರ, ರಾತ್ರಿ 9:25

ಅಪ್‌ಡೇಟ್ ಕೊಡಿ ಅಂತ ಕೆಲವರು ಕೇಳಿದ್ದರು.

ಬುಧವಾರ ಬೆಳಗ್ಗೆ ಫೋನ್ ಮಾಡಿದೆ. ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಚಾಟ್ ಎಲ್ಲ ಯಾಕೆ ಹಾಕ್ತೀರಾ, ನಾವೆಲ್ಲ ಒಂದೇ ಟೀಮ್" ಅಂದರು. ಸೋಮವಾರ ಬೆಳಗ್ಗೆ ಈ "ಒಂದೇ ಟೀಮ್" ಎಲ್ಲಿ ಹೋಗಿತ್ತೋ. 11 ಗಂಟೆಗೆ ಎಲ್ಲರಿಗೂ ಕಳಿಸಿದೆ. ಆ ಮೇಲ್‌ಗೆ ಒಬ್ಬರೂ ಉತ್ತರ ಕೊಡಲಿಲ್ಲ. ಅದುವರೆಗೆ ಗಂಟೆಗೆ ನಾಲ್ಕು ಮೇಲ್ ಬರುತ್ತಿದ್ದ ಟ್ರೇಲ್ ಅಲ್ಲಿಗೇ ನಿಂತುಹೋಯಿತು.

ಗುರುವಾರದ ಆರ್‌ಸಿಎ ಒಂದೂವರೆ ಗಂಟೆ ಅಂತ ಇತ್ತು, 35 ನಿಮಿಷಕ್ಕೆ ಮುಗಿಯಿತು. ಶುರುವಿನಲ್ಲೇ "ಮಿನಿಟ್ಸ್ ನಾನು ಬರೀತೀನಿ" ಅಂದೆ. ಯಾರೂ ಬೇಡ ಅನ್ನಲಿಲ್ಲ, ಆ ಕೆಲಸ ಯಾರಿಗೆ ಬೇಕು ಹೇಳಿ. ಮುಗಿದ 20 ನಿಮಿಷಕ್ಕೆ ಕಳಿಸಿದೆ. ತೀರ್ಮಾನ ಮೂರು, ಪ್ರತಿಯೊಂದರ ಎದುರು ಒಬ್ಬರ ಹೆಸರು, ತಾರೀಖು. ಕೊನೆಗೆ "ತಿದ್ದುಪಡಿ ಇದ್ದರೆ ನಾಳೆ ಮಧ್ಯಾಹ್ನ 1ರೊಳಗೆ ತಿಳಿಸಿ." ಕ್ಲೈಂಟ್ ಕಡೆಯವರು ಒಂದು ತಾರೀಖು ತಿದ್ದಿದರು. ಅಂದರೆ ಓದಿದ್ದಾರೆ!

ಅಂತಿಮ ವರದಿಯಲ್ಲಿ ಕಾರಣ ಅಂತ ಬರೆದಿದ್ದು "ಪ್ರೊಸೆಸ್ ಗ್ಯಾಪ್". ಮ್ಯಾನೇಜರ್ ಹೆಸರಿಲ್ಲ, ನನ್ನ ಹೆಸರೂ ಇಲ್ಲ. ಪರಿಹಾರ ಏನು ಗೊತ್ತಾ? ದಿನಾ ಬೆಳಗ್ಗೆ 9:30ಕ್ಕೆ ಇನ್ನೊಂದು ಅರ್ಧ ಗಂಟೆ ಕಾಲ್. 23 ಗಂಟೆ ಈಗ 25½.

---

ನಿವೃತ್ತ_ಗುಮಾಸ್ತ · ಶನಿವಾರ, ಬೆಳಗ್ಗೆ 6:50

ಆ ಕಾಲ್‌ನ ಟಿಪ್ಪಣಿ ಯಾರು ಬರೆಯುತ್ತಾರಮ್ಮಾ?

---

ಎರಡನೇ_ಶನಿವಾರ · ಶನಿವಾರ, ಬೆಳಗ್ಗೆ 10:12

ನಾನೇ ಅಂಕಲ್. ಜಿರಾ ಟಿಕೆಟ್‌ನಲ್ಲೇ ಬರೀತೀನಿ, ಮೇಲ್ ಮಾಡಲ್ಲ. ಆದರೆ ನಿನ್ನೆ ಮ್ಯಾನೇಜರ್ ಪಕ್ಕಕ್ಕೆ ಕರೆದು, "ಈಗೀಗ ಜಾಸ್ತಿ ಬರೀತೀರಾ ಅಂತ ಮೇಲಿನವರು ಹೇಳ್ತಿದ್ದಾರೆ" ಅಂದರು. ಮೇಲಿನವರು ಯಾರು ಅಂತ ಕೇಳಿದೆ. ಹೇಳಲಿಲ್ಲ. ಅಪ್ರೈಸಲ್ ಮಾರ್ಚ್‌ನಲ್ಲಿದೆ.

---

ಬೈಟೂ_ಕಾಫಿ · ಶನಿವಾರ, ಬೆಳಗ್ಗೆ 10:20

ಅದನ್ನೂ ಡೈರಿಯಲ್ಲಿ ಬರೆದುಕೊಂಡ್ರಾ?

---

ಎರಡನೇ_ಶನಿವಾರ · ಶನಿವಾರ, ಬೆಳಗ್ಗೆ 10:21

ಶುಕ್ರವಾರ, ಸಂಜೆ 5:15, ಲಿಫ್ಟ್ ಹತ್ತಿರ.